ಬಸುರಿ ವಾಂತಿ ಮಿತಿ ಮೀರಿತಾ? ಗ್ಲುಕೋಸ್ ಬಾಟ್ಲಿಗೆ ಓಡುವ ಮುಂಚೆ ಇದನ್ನು ಓದಿ

ಹೆರಿಗೆ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ನರ್ಸ್ ಆಗಿದ್ದೆ. ವಾಂತಿ ಮಾಡಿ ಮಾಡಿ ಸೋತ ಬಸುರಿಯರ ಮನೆಯವರಿಂದ ಕೇಳಿದ ಮಾತು ಎರಡೇ. ಮೊದಲನೆಯದು: "ಬಸುರಿ ಅಂದ್ಮೇಲೆ ವಾಂತಿ ಆಗ್ದೆ ಇರತ್ತಾ? ನಮಗೂ ಆಗಿತ್ತು." ಎರಡು ವಾರ ಕಳೆದ ಮೇಲೆ ಎರಡನೆಯದು: "ಸಿಸ್ಟರ್, ಒಂದು ಗ್ಲುಕೋಸ್ ಬಾಟ್ಲಿ ಹಾಕ್ಬಿಡಿ, ಸರಿಹೋಗ್ತಾಳೆ." ಮೊದಲ ಮಾತಿನಿಂದ ಚಿಕಿತ್ಸೆ ತಡವಾಗುತ್ತದೆ. ಎರಡನೆಯದು ಅದಕ್ಕಿಂತ ಕೆಟ್ಟದ್ದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಮ್ಮ ಬೀದಿಯ ಹುಡುಗಿಯೊಬ್ಬಳ ಕಥೆ ಇಟ್ಟುಕೊಂಡೇ ಹೇಳುವುದು ಸುಲಭ. ಮೊದಲ ಬಸಿರು, ಒಂಬತ್ತನೇ ವಾರ. ಅವಳ ಅತ್ತೆ ಬಂದು, "ಸ್ವಲ್ಪ ನೋಡಿ ಬನ್ನಿ, ಮೂರು ದಿನದಿಂದ ಹಾಸಿಗೆ ಬಿಟ್ಟು ಏಳ್ತಿಲ್ಲ" ಅಂದರು.

ಒಂದು: ಇದು ಮಾಮೂಲಿ ವಾಂತಿಯಾ?

ಮಾಮೂಲಿ ವಾಂತಿ ಹೆಚ್ಚಿನ ಬಸುರಿಯರಿಗೆ ಇರುತ್ತದೆ. ಐದಾರನೇ ವಾರಕ್ಕೆ ಶುರುವಾಗಿ, ಒಂಬತ್ತನೇ ವಾರದ ಹೊತ್ತಿಗೆ ಜೋರಾಗಿ, ನಾಲ್ಕನೇ ಐದನೇ ತಿಂಗಳಿಗೆ ಇಳಿಯುತ್ತದೆ. ಬೆಳಿಗ್ಗೆಯೇ ಆಗಬೇಕೆಂದಿಲ್ಲ. ಪಕ್ಕದ ಮನೆಯ ಒಗ್ಗರಣೆ ವಾಸನೆ ಸಾಕು. ಆದರೆ ವಾಂತಿ ಆದ ಅರ್ಧ ಗಂಟೆಗೆ ಅವಳು ಒಂದು ರಸ್ಕು ತಿಂತಾಳೆ, ನೀರು ಕುಡಿತಾಳೆ, ಅದು ಹೊಟ್ಟೆಯಲ್ಲಿ ನಿಲ್ಲುತ್ತದೆ. ಕಷ್ಟಪಟ್ಟಾದರೂ ದಿನ ಸಾಗುತ್ತದೆ.

ಇನ್ನೊಂದು ಬಗೆಯದಕ್ಕೆ ವೈದ್ಯರು ಹೈಪರೆಮೆಸಿಸ್ ಗ್ರಾವಿಡೇರಮ್ ಅನ್ನುತ್ತಾರೆ. ನೂರರಲ್ಲಿ ಒಬ್ಬಿಬ್ಬರಿಗೆ, ಹೆಚ್ಚೆಂದರೆ ಮೂವರಿಗೆ ಬರುವಂಥದ್ದು. ಇಲ್ಲಿ ನೀರೂ ನಿಲ್ಲುವುದಿಲ್ಲ. ತೂಕ ಇಳಿಯುತ್ತದೆ. ಎದ್ದರೆ ತಲೆ ಸುತ್ತುತ್ತದೆ. ಇದು "ಮನಸ್ಸು ಗಟ್ಟಿ ಇಲ್ಲದವರಿಗೆ ಬರೋದು" ಅನ್ನುವ ಮಾತನ್ನು ವಾರ್ಡಿನಲ್ಲೂ ಕೇಳಿದ್ದೇನೆ. ಅದು ಶುದ್ಧ ಸುಳ್ಳು. ಜಿಡಿಎಫ್15 ಎಂಬ ಹಾರ್ಮೋನು ಮಗು ಮತ್ತು ಮಾಸಿನ ಕಡೆಯಿಂದ ತಾಯಿಯ ರಕ್ತಕ್ಕೆ ಬಂದು, ಮಿದುಳಿನಲ್ಲಿ ವಾಂತಿ ಎಬ್ಬಿಸುವ ಜಾಗವನ್ನು ಕೆಣಕುತ್ತದೆ. ಬಸಿರಿಗೆ ಮುಂಚೆ ಯಾರ ಮೈಯಲ್ಲಿ ಇದು ಕಡಿಮೆ ಇತ್ತೋ ಅವರಿಗೆ ಅಭ್ಯಾಸವಿಲ್ಲ, ಹಾಗಾಗಿ ಹೊಡೆತ ಜಾಸ್ತಿ. 2023ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಇದು ಗಟ್ಟಿಯಾಗಿ ಗೊತ್ತಾಯಿತು.

ಎರಡು: ಒಂದು ನೋಟ್‌ಬುಕ್ ಇಡಿ

ಎಲ್ಲರೂ ಎಡವುವುದು ಇಲ್ಲೇ. ಆಸ್ಪತ್ರೆಗೆ ಬಂದು "ತುಂಬಾ ವಾಂತಿ" ಅಂತಾರೆ. ತುಂಬಾ ಅಂದರೆ ಎಷ್ಟು? ಗಂಡನಿಗೆ ಗೊತ್ತಿಲ್ಲ, ಅಮ್ಮನಿಗೆ ಗೊತ್ತಿಲ್ಲ, ಅವಳಿಗೆ ಮಾತಾಡಲು ತ್ರಾಣವಿಲ್ಲ. ಕಳೆದ 24 ಗಂಟೆಯ ಬಗ್ಗೆ ಮೂರು ಪ್ರಶ್ನೆ ಕೇಳಿ, ಬರೆದಿಡಿ.

ಹೊಟ್ಟೆ ತೊಳಸುವುದು ಎಷ್ಟು ಹೊತ್ತು ಇತ್ತು? ಇರಲೇ ಇಲ್ಲ ಅಂದರೆ 1 ಅಂಕ, ಒಂದು ಗಂಟೆಯೊಳಗೆ ಅಂದರೆ 2, ಎರಡು ಮೂರು ಗಂಟೆಗೆ 3, ನಾಲ್ಕರಿಂದ ಆರು ಗಂಟೆಗೆ 4, ಅದಕ್ಕೂ ಜಾಸ್ತಿ ಅಂದರೆ 5. ಎಷ್ಟು ಸಲ ವಾಂತಿ ಆಯಿತು? ಇಲ್ಲದಿದ್ದರೆ 1, ಒಂದೆರಡು ಸಲಕ್ಕೆ 2, ಮೂರು ನಾಲ್ಕಕ್ಕೆ 3, ಐದಾರಕ್ಕೆ 4, ಏಳು ಮತ್ತು ಮೇಲೆ 5. ಏನೂ ಹೊರಬರದೆ ಬರೀ ಒಣ ಓಕರಿಕೆ ಎಷ್ಟು ಸಲ? ಅದಕ್ಕೂ ವಾಂತಿಯ ಲೆಕ್ಕವೇ. ಮೂರನ್ನೂ ಕೂಡಿಸಿ. ಆರರೊಳಗೆ ಬಂದರೆ ಸೌಮ್ಯ, 7ರಿಂದ 12 ಮಧ್ಯಮ, 13 ಮತ್ತು ಮೇಲೆ ಬಂದರೆ ತೀವ್ರ. ವೈದ್ಯರು ಬಳಸುವ ಅಳತೆಯೇ ಇದು, ಮನೆಯಲ್ಲೂ ಮಾಡಬಹುದು.

ನಮ್ಮ ಹುಡುಗಿಗೆ ಹೊಟ್ಟೆ ತೊಳಸುವುದು ಇಡೀ ದಿನ, 5. ವಾಂತಿ ಆರು ಸಲ, 4. ಒಣ ಓಕರಿಕೆ ಐದು ಸಲ, 4. ಒಟ್ಟು 13. "ನಿನ್ನೆಗಿಂತ ಇವತ್ತು ಪರವಾಗಿಲ್ಲ ಆಂಟಿ" ಅಂದಳು. ಅಂಕ ಹಾಗೆ ಹೇಳಲಿಲ್ಲ.

ಆಮೇಲೆ ತೂಕ. ಬಸಿರಿಗೆ ಮುಂಚಿನ ತೂಕದಲ್ಲಿ ನೂರಕ್ಕೆ ಐದು ಪಾಲು ಇಳಿದರೆ ಸಲೀಸಾಗಿ ತೆಗೆದುಕೊಳ್ಳುವ ಹಾಗಿಲ್ಲ. ಇವಳು 52 ಕೆಜಿ ಇದ್ದಳು, ಐದು ಪಾಲು ಅಂದರೆ 2.6 ಕೆಜಿ. ಅವತ್ತು ತೂಗಿದರೆ 48.5. ಮೂರೂವರೆ ಕೆಜಿ ಹೋಗಿತ್ತು. ಒಂದು ಎಚ್ಚರ: ತಾಯಿ ಕಾರ್ಡಿನಲ್ಲಿರುವ ಮೊದಲ ತೂಕವನ್ನೇ ನಂಬಬೇಡಿ. ಕಾರ್ಡ್ ಮಾಡಿಸುವ ಹೊತ್ತಿಗೆ ಎರಡು ಕೆಜಿ ಆಗಲೇ ಇಳಿದಿರಬಹುದು. ಇವಳ ಕಾರ್ಡಿನಲ್ಲಿ 49.5 ಅಂತಿತ್ತು. ಅದನ್ನು ನೋಡಿದವರು "ಒಂದೇ ಕೆಜಿ ತಾನೆ" ಅಂದಿದ್ದರು. ಹಳೆಯ ಯಾವುದಾದರೂ ಆಸ್ಪತ್ರೆ ಚೀಟಿ ಹುಡುಕಿ. ತೂಕವನ್ನು ಒಂದೇ ಯಂತ್ರದಲ್ಲಿ, ಬೆಳಿಗ್ಗೆ ಮೂತ್ರ ಮಾಡಿ ಬಂದ ಮೇಲೆ ನೋಡಿ.

ಮೂತ್ರ ಎಷ್ಟು ಸಲ, ಯಾವ ಬಣ್ಣ ಅನ್ನುವುದೂ ನೋಟ್‌ಬುಕ್ಕಿಗೆ ಹೋಗಬೇಕು.

ಮೂರು: ಯಾವಾಗ ಹೊರಡಬೇಕು?

24 ಗಂಟೆ ಏನೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಎಂಟು ಗಂಟೆ ಮೂತ್ರವೇ ಆಗದಿದ್ದರೆ ಅಥವಾ ಕಡು ಬಣ್ಣಕ್ಕೆ ತಿರುಗಿದ್ದರೆ, ನಿಂತರೆ ಕಣ್ಣು ಕತ್ತಲೆ ಬಂದರೆ, ವಾಂತಿಯಲ್ಲಿ ರಕ್ತ ಕಂಡರೆ ಅವತ್ತೇ ಹೊರಡಿ. ಅಂಕ 13 ಮುಟ್ಟಿದರೂ ಅಷ್ಟೇ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ. "ಸೋಮವಾರ ನೋಡೋಣ" ಅನ್ನಬೇಡಿ.

ಜ್ವರ, ಹೊಟ್ಟೆ ನೋವು, ಉರಿ ಮೂತ್ರ, ಭೇದಿ ಇದ್ದರೆ ಕಾರಣ ಬಸಿರಲ್ಲದೆ ಬೇರೆಯೂ ಇರಬಹುದು. ಮೂರನೇ ತಿಂಗಳ ತನಕ ಆರಾಮಾಗಿದ್ದು ಆಮೇಲೆ ಹೊಸದಾಗಿ ವಾಂತಿ ಶುರುವಾದರೂ ಹಾಗೆಯೇ ಯೋಚಿಸಬೇಕು.

ನಾಲ್ಕು: ಡ್ರಿಪ್

ನಮ್ಮ ಹುಡುಗಿಗೆ ನಾನು ಹೋಗುವ ಮುಂಚೆಯೇ ಒಂದು ಕ್ಲಿನಿಕ್ಕಿನಲ್ಲಿ ಮೂರು ದಿನ ಡ್ರಿಪ್ ಹಾಕಿದ್ದರು. ಖಾಲಿ ಬಾಟ್ಲಿ ಮನೆಯಲ್ಲೇ ಇತ್ತು. ಮೇಲೆ ಡೆಕ್ಸ್‌ಟ್ರೋಸ್ 5% ಅಂತ ಬರೆದಿತ್ತು, ಅಂದರೆ ಬರೀ ಸಕ್ಕರೆ ನೀರು. ಸಂಜೆಗೆ ಸ್ವಲ್ಪ ಚೇತರಿಕೆ, ಬೆಳಿಗ್ಗೆ ಮತ್ತೆ ಅದೇ ಪಾಡು.

ಇದರಲ್ಲಿ ತೊಂದರೆ ಏನು ಅಂದರೆ, ಮೈಗೆ ಗ್ಲುಕೋಸ್ ಸುಡಲು ಥಯಾಮಿನ್ ಬೇಕು. ಬಿ1 ವಿಟಮಿನ್ ಅಂತಾರಲ್ಲ, ಅದೇ. ಮೈಯಲ್ಲಿ ಅದರ ದಾಸ್ತಾನು ಎರಡು ಮೂರು ವಾರಕ್ಕೆ ಮುಗಿಯುತ್ತದೆ. ಮೂರು ವಾರ ಏನೂ ತಿನ್ನದ ಹೆಣ್ಣುಮಗಳಿಗೆ ಸಕ್ಕರೆ ನೀರು ಸುರಿದರೆ, ಉಳಿದ ಚೂರುಪಾರು ಬಿ1 ಕೂಡ ಅದಕ್ಕೇ ಖರ್ಚಾಗುತ್ತದೆ. ಆಗ ಪೆಟ್ಟು ಬೀಳುವುದು ಮಿದುಳಿಗೆ. ಇದಕ್ಕೆ ವರ್ನಿಕೆ ಅಂತ ಹೆಸರು. ಕಣ್ಣು ಅದುರುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ನಡಿಗೆ ಓಲಾಡುತ್ತದೆ, ಮಾತು ಗೊಂದಲವಾಗುತ್ತದೆ. ಎಲ್ಲವೂ ಒಟ್ಟಿಗೇ ಬರಬೇಕೆಂದಿಲ್ಲ, ಒಂದು ಕಂಡರೂ ಸಾಕು. "ಸುಸ್ತಿಗೆ ಹಾಗಾಗಿದೆ" ಅಂತ ಬಿಟ್ಟರೆ ಮರೆವು ಜೀವನಪರ್ಯಂತ ಉಳಿಯಬಹುದು.

ಅವಳ ಮುಂದೆ ಬೆರಳು ಹಿಡಿದು ಎಡಕ್ಕೂ ಬಲಕ್ಕೂ ಆಡಿಸಿದೆ. ಕಣ್ಣು ಅದುರದೆ ಹಿಂಬಾಲಿಸಿತು. ಗೋಡೆ ಬಿಟ್ಟು ನಾಲ್ಕು ಹೆಜ್ಜೆ ನಡೆಸಿದೆ. ನಿಧಾನವಾಗಿ, ನೇರವಾಗಿಯೇ ನಡೆದಳು. ಆಮೇಲೆ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟೆವು.

ಅಲ್ಲಿ ಹೇಗೆ ನಡೆಯಿತು ಅಂದರೆ, ಮೊದಲು ರಕ್ತ ತೆಗೆದರು. ಪೊಟ್ಯಾಶಿಯಂ 3.0 ಬಂತು, ಕನಿಷ್ಠ 3.5 ಇರಬೇಕಿತ್ತು. ಬಿ1 ಇಂಜೆಕ್ಷನ್ ಕೊಟ್ಟರು. ಡ್ರಿಪ್ಪಿಗೆ ನಾರ್ಮಲ್ ಸಲೈನ್, ಅಂದರೆ ಉಪ್ಪು ನೀರು, ಅದರಲ್ಲಿ ಪೊಟ್ಯಾಶಿಯಂ ಸೇರಿಸಿ, ನಿಧಾನವಾಗಿ. ದಿನಾ ರಕ್ತ ಪರೀಕ್ಷೆ. ಅವಳಿ ಮಕ್ಕಳೋ, ಮಾಸು ದ್ರಾಕ್ಷಿಗೊಂಚಲಿನ ಹಾಗೆ ಬೆಳೆಯುವ ಮುತ್ತುಗರ್ಭವೋ ಅಂತ ನೋಡಲು ಒಂದು ಸ್ಕ್ಯಾನ್. ಒಂದೇ ಮಗು, ಎದೆಬಡಿತ ಚೆನ್ನಾಗಿತ್ತು. ಮಲಗೇ ಇರುವವರಿಗೆ, ಅದರಲ್ಲೂ ಮೈ ಒಣಗಿದ್ದಾಗ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ. ಅದಕ್ಕೆ ಹೊಟ್ಟೆಯ ಚರ್ಮಕ್ಕೆ ಒಂದು ಚಿಕ್ಕ ಇಂಜೆಕ್ಷನ್ ಕೊಡುತ್ತಾರೆ, ಹೆದರಬೇಡಿ.

ಹೊಟ್ಟೆಗೆ ಏನೂ ಸಿಗದಾಗ ಮೈ ಕೊಬ್ಬು ಸುಟ್ಟು ಬರುವ ಕೀಟೋನ್ ಮೂತ್ರದಲ್ಲಿ ಎಷ್ಟಿದೆ ಅನ್ನುವುದರ ಮೇಲೆ ನಾವೆಲ್ಲ ವರ್ಷಗಟ್ಟಲೆ ತೀವ್ರತೆ ಅಳೆದೆವು. 2024ರ ಬ್ರಿಟನ್ ಮಾರ್ಗಸೂಚಿ ಅದನ್ನು ಬಿಡಿ ಅನ್ನುತ್ತದೆ. ಕೀಟೋನ್ ಇಲ್ಲ ಅಂತ ಯಾರಾದರೂ ಮನೆಗೆ ಕಳಿಸಿದರೆ ನೋಟ್‌ಬುಕ್ ತೋರಿಸಿ. ಮತ್ತೆ, ಡ್ರಿಪ್ ಹಾಕುವವರು ಯಾರೇ ಇರಲಿ, ಸಂಕೋಚ ಬಿಟ್ಟು ಒಂದು ಮಾತು ಕೇಳಿ: "ಬಿ1 ಕೊಟ್ರಾ ಡಾಕ್ಟ್ರೇ? ಇದು ಗ್ಲುಕೋಸಾ, ಸಲೈನಾ?"

ಐದು: ಗುಳಿಗೆ

ಮೊದಲು ಕೊಡುವುದು ಸಾಮಾನ್ಯವಾಗಿ ಡಾಕ್ಸಿಲಮೈನ್ ಮತ್ತು ಬಿ6 ಸೇರಿದ ಗುಳಿಗೆ. ಬಸಿರಿನಲ್ಲಿ ದಶಕಗಳಿಂದ ಬಳಸುತ್ತಿರುವ ಔಷಧ, ಮಗುವಿಗೆ ತೊಂದರೆ ಇಲ್ಲ. ನಿದ್ದೆ ಬರುತ್ತದೆ, ಅಷ್ಟೇ. ಜನ ಇದನ್ನು ತಲೆನೋವಿನ ಮಾತ್ರೆ ಥರ ವಾಂತಿ ಆದ ಮೇಲೆ ನುಂಗುತ್ತಾರೆ. ಇದು ನಿಧಾನಕ್ಕೆ ಕರಗುವ ಗುಳಿಗೆ, ಕೆಲಸ ಶುರುಮಾಡಲು ಗಂಟೆಗಳೇ ಬೇಕು. ರಾತ್ರಿ ನುಂಗಿದ್ದು ಬೆಳಿಗ್ಗೆಗೆ. ಹಾಗಾಗಿ ಗಡಿಯಾರ ನೋಡಿ ತಗೊಳ್ಳಿ, ವಾಂತಿ ನೋಡಿ ಅಲ್ಲ. ಪುಡಿ ಮಾಡಬೇಡಿ. ಎರಡು ದಿನ ಆರಾಮಾಯಿತು ಅಂತ ನಿಲ್ಲಿಸಲೂ ಬೇಡಿ. ನಮ್ಮ ಹುಡುಗಿ ನಿಲ್ಲಿಸಿ ಮತ್ತೆ ಒಂದು ದಿನ ಡ್ರಿಪ್ ಹಾಕಿಸಿಕೊಂಡಳು.

ಮೆಡಿಕಲ್ ಶಾಪಿನವರು ಕೇಳಿದ ತಕ್ಷಣ ಕೊಡುವ ಒಂಡಾನ್‌ಸೆಟ್ರಾನ್ ಒಳ್ಳೆಯ ಔಷಧವೇ, ಆದರೆ ಎರಡನೇ ಸಾಲಿನದು. ಮೊದಲ ಮೂರು ತಿಂಗಳಲ್ಲಿ ಸೀಳುತುಟಿ, ಸೀಳು ಅಂಗುಳಿನ ಸಾಧ್ಯತೆ ಚೂರು ಏರುತ್ತದೆ. ಹತ್ತು ಸಾವಿರ ಮಕ್ಕಳಲ್ಲಿ 11ರ ಬದಲು 14 ಅನ್ನುವಷ್ಟು. ಬೇರೆ ಗುಳಿಗೆ ಕೆಲಸ ಮಾಡದಿದ್ದರೆ ವೈದ್ಯರು ಬರೆಯುತ್ತಾರೆ, ಆಗ ಭಯಪಡುವುದು ಬೇಡ. ಮಲಬದ್ಧತೆ ಮಾತ್ರ ಗ್ಯಾರಂಟಿ.

ಶುಂಠಿ ಕಷಾಯ ಸೌಮ್ಯ ವಾಂತಿಗೆ ಸರಿ. 13 ಅಂಕದವಳಿಗೆ ಶುಂಠಿ ಕುಡಿಸುವುದು ಹಿಂಸೆ.

ಆರು: ಮನೆಗೆ ಬಂದ ಮೇಲೆ

ಲೋಟ ತುಂಬಾ ಬೇಡ. ಐದು ನಿಮಿಷಕ್ಕೊಮ್ಮೆ ಎರಡು ಚಮಚ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ದೊಡ್ಡದಾದರೆ ಒಂದು ಲೀಟರ್‌ಗೆ. ಹಣ್ಣಿನ ರುಚಿಯ ಡಬ್ಬಿ ಪಾನೀಯಗಳ ಮೇಲೆ ಓಆರ್‌ಎಸ್ ಅಂತ ಬರೆದು ಮಾರುತ್ತಿದ್ದರು, ಬರೀ ಸಕ್ಕರೆ. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸಬಾರದು ಅಂತ ತಡೆಯಿತು. ಹಳೆಯ ಡಬ್ಬಿ ಕೊಟ್ಟರೆ ವಾಪಸ್ ಮಾಡಿ. ತಿನ್ನಲು ಮಂಡಕ್ಕಿ, ತಣ್ಣಗಿನ ಮೊಸರನ್ನ, ಏನು ಸೇರುತ್ತದೋ ಅದು. ಬಿಸಿ ಅಡುಗೆಯ ಹಬೆ ಅವಳ ಹತ್ತಿರ ಸುಳಿಯದಿರಲಿ. ಕಬ್ಬಿಣದ ಗುಳಿಗೆ ವಾಂತಿ ಹೆಚ್ಚಿಸಿದರೆ ವೈದ್ಯರನ್ನು ಕೇಳಿ ಸ್ವಲ್ಪ ಮುಂದೂಡಿ, ಫೋಲಿಕ್ ಆಸಿಡ್ ಬಿಡಬೇಡಿ.

ನಮ್ಮ ಹುಡುಗಿ ಹದಿನೇಳನೇ ವಾರದಲ್ಲಿ ವೈದ್ಯರು ಹೇಳಿದಂತೆ ಗುಳಿಗೆ ಒಂದೊಂದಾಗಿ ಇಳಿಸಿದಳು. ತೂಕ 50ಕ್ಕೆ ಬಂದಿತ್ತು. ನೋಟ್‌ಬುಕ್ ರದ್ದಿಗೆ ಹಾಕಲು ಹೋದ ಅವಳ ಅತ್ತೆಯನ್ನು ನಾನೇ ತಡೆದೆ. ಇದು ಮುಂದಿನ ಬಸಿರಿನಲ್ಲೂ ಮರುಕಳಿಸುವುದುಂಟು. ಆಗ ಮುಟ್ಟು ನಿಂತ ತಕ್ಷಣ ಆ ಪುಟಗಳನ್ನು ತೋರಿಸಿದರೆ, ವಾಂತಿ ಜೋರಾಗುವ ಮುಂಚೆಯೇ ಗುಳಿಗೆ ಶುರುಮಾಡಬಹುದು. ಈಗ ಅದು ತಾಯಿ ಕಾರ್ಡಿನ ಜೊತೆ ಬೀರುವಿನಲ್ಲಿದೆ.