ಏಲಕ್ಕಿ, ಕರಿಮೆಣಸು, ಕಾಫಿ: ಮೂರನೇ ಕ್ಲಾಸಿಗೆ ಓದುವ ಕಾರ್ಡ್ ಮಾಡುವುದು ಹೀಗೆ

ನನ್ನ ಮೂರನೇ ಕ್ಲಾಸಿನಲ್ಲಿ 18 ಮಕ್ಕಳು. ಆರು ಮಕ್ಕಳು ಪಾಠವನ್ನು ಸರಾಗವಾಗಿ ಓದುತ್ತಾರೆ. ಏಳು ಮಕ್ಕಳು ಒತ್ತಕ್ಷರ ಬಂದ ಕಡೆಯೆಲ್ಲ ನಿಲ್ಲುತ್ತಾರೆ. ನಾಲ್ವರು ಇನ್ನೂ ಕಾಗುಣಿತದಲ್ಲೇ ಇದ್ದಾರೆ. ಒಬ್ಬಳು ಕಾಫಿ ಕೊಯ್ಲಿಗೆ ಬಂದ ಅಪ್ಪ ಅಮ್ಮನ ಜೊತೆ ಅಸ್ಸಾಂನಿಂದ ಬಂದವಳು, ಅವಳಿಗೆ ಕನ್ನಡ ಅಕ್ಷರವೇ ಹೊಸದು. ಕೊಡಗಿನ ತೋಟಗಳ ನಡುವಿನ ಶಾಲೆಗಳಲ್ಲಿ ಪಾಠ ಮಾಡುವವರಿಗೆ ಈ ಲೆಕ್ಕ ಹೊಸದೇನಲ್ಲ.

ಇಂಥ ಕ್ಲಾಸಿಗೆ ಓದುವ ತಾಣ ಒಳ್ಳೆಯ ದಾರಿ. ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಯಲ್ಲಿ ಮಕ್ಕಳು ಗುಂಪು ಗುಂಪಾಗಿ ಕೂತು ಕಾರ್ಡ್ ಹಿಡಿದು ಕಲಿಯುವುದು ನಮಗೆಲ್ಲ ಗೊತ್ತೇ ಇದೆ. ಓದುವ ತಾಣವೂ ಅದರ ನೆಂಟನೇ. ಕ್ಲಾಸಿನ ಮೂರು ಮೂಲೆ, ಮೂಲೆಗೆ ಆರು ಮಕ್ಕಳು, ಇಪ್ಪತ್ತು ನಿಮಿಷಕ್ಕೊಮ್ಮೆ ಜಾಗ ಬದಲು. ಒಂದು ಮೂಲೆಯಲ್ಲಿ ನಾನು ಕೂತು ಓದಿಸುತ್ತೇನೆ. ಇನ್ನೊಂದರಲ್ಲಿ ಇಷ್ಟದ ಪುಸ್ತಕ. ಮೂರನೆಯದರಲ್ಲಿ ಕಾರ್ಡ್. ಅಲ್ಲಿ ನಾನಿರುವುದಿಲ್ಲ, ಹಾಗಾಗಿ ಕಾರ್ಡೇ ಟೀಚರ್ ಆಗಬೇಕು. ಕಷ್ಟ ಇರುವುದೂ ಅಲ್ಲೇ.

ಮೊದಲು ನಾನು ಮಾಡಿದ್ದು ಏನೆಂದರೆ, ಆರು ಜನಕ್ಕೂ ಒಂದೇ ಕಾರ್ಡ್ ಕೊಟ್ಟು 'ಒಟ್ಟಿಗೆ ಮಾಡಿ' ಎಂದೆ. ಚೆನ್ನಾಗಿ ಓದುವ ಹುಡುಗಿ ಐದು ನಿಮಿಷದಲ್ಲಿ ಎಲ್ಲ ಬರೆದು ಮುಗಿಸಿದಳು. ಉಳಿದವರು ಅವಳ ಉತ್ತರ ನೋಡಿ ಬರೆದರು. ಒಬ್ಬ ಹುಡುಗ ಕಾರ್ಡಿನ ಮೂಲೆಯಲ್ಲಿದ್ದ ಜೇನುಹುಳಕ್ಕೆ ಬಣ್ಣ ಹಚ್ಚುತ್ತಾ ಕೂತಿದ್ದ. ಆರು ಪುಸ್ತಕದಲ್ಲೂ ಉತ್ತರ ಸರಿ! ಓದಿದ್ದು ಮಾತ್ರ ಒಬ್ಬಳೇ.

ಆಮೇಲೆ ಮಟ್ಟಕ್ಕೊಂದರಂತೆ ಬೇರೆ ಬೇರೆ ಕಥೆ ಕೊಟ್ಟೆ. ಆಗ ಮಕ್ಕಳಿಗೆ ಮಾತಾಡಿಕೊಳ್ಳಲು ಏನೂ ಉಳಿಯಲಿಲ್ಲ. ಈಗ ಮಾಡುವುದು ಎರಡರ ನಡುವಿನ ದಾರಿ. ವಿಷಯ ಒಂದೇ, ಕಾರ್ಡ್ ಮೂರು. ಒಂದು ಕಾರ್ಡಿನಲ್ಲಿರುವ ಸಂಗತಿ ಇನ್ನೊಂದರಲ್ಲಿ ಇರುವುದಿಲ್ಲ. ಮೂವರೂ ಓದದೆ ಪ್ರಶ್ನೆ ಬಿಡಿಸಲು ಆಗುವುದಿಲ್ಲ.

ಮೊದಲು ಮಗು ಎಲ್ಲಿದೆ ನೋಡಿ

ಒಂದೊಂದು ಮಗುವನ್ನೂ ಪಕ್ಕದಲ್ಲಿ ಕೂರಿಸಿ ಒಂದು ನಿಮಿಷ ಓದಿಸಿ. ಎಷ್ಟು ಪದ ಓದಿತು ಎನ್ನುವುದಕ್ಕಿಂತ ಎಲ್ಲಿ ನಿಂತಿತು ಎಂದು ಗುರುತು ಹಾಕಿಕೊಳ್ಳಿ. ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯ ಗುರಿಯಲ್ಲಿ ಮೂರನೇ ತರಗತಿಗೆ ನಿಮಿಷಕ್ಕೆ 60 ಪದ ಎಂದಿದೆ. ಆದರೆ ಕನ್ನಡದಲ್ಲಿ 'ಮಳೆ' ಕೂಡ ಒಂದು ಪದ, 'ತೊಳೆದುಹೋಗುತ್ತದೆ' ಕೂಡ ಒಂದೇ ಪದ. ಸುಮ್ನೆ ಪದ ಎಣಿಸಿದರೆ ಮಗುವಿನ ಕಷ್ಟ ಕಾಣುವುದಿಲ್ಲ.

ಕನ್ನಡ ಓದಿನಲ್ಲಿ ಮಗು ಎಡವುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಮೊದಲು ಕಾಗುಣಿತ, ಅದರಲ್ಲೂ ದೀರ್ಘ. ಆಮೇಲೆ 'ಮೊಗ್ಗು', 'ಎಲ್ಲ' ಥರದ ಸಜಾತೀಯ ಒತ್ತು. ಕೊನೆಗೆ 'ರೊಬಸ್ಟಾ' ಥರದ ವಿಜಾತೀಯ ಒತ್ತು ಮತ್ತು ಅರ್ಕಾವತ್ತು. ಮೂರು ಕಾರ್ಡಿನ ಮಟ್ಟ ನಿಲ್ಲುವುದು ಈ ಮೂರು ಮೆಟ್ಟಿಲಿನ ಮೇಲೆ. ವಾಕ್ಯ ಚಿಕ್ಕದು, ದೊಡ್ಡದು ಎನ್ನುವುದು ಆಮೇಲಿನ ಮಾತು.

ಇನ್ನೊಂದು ವಿಷಯ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಮಲಯಾಳಂ ಆಡುವ ಮಗು 'ಹೂ' ಎಂದು ಬರೆದಿದ್ದನ್ನು ನೋಡಿ 'ಪೂ' ಎಂದು ಓದಿದರೆ ಅದನ್ನು ತಪ್ಪಿನ ಲೆಕ್ಕಕ್ಕೆ ಸೇರಿಸಬೇಡಿ. ಅದು ಅಕ್ಷರ ಓದಿ, ಅರ್ಥ ಮಾಡಿಕೊಂಡು, ಮನೆಯ ಮಾತಿನಲ್ಲಿ ಹೇಳಿದೆ. 'ಹೂ' ಎಂದು ನೀವು ಒಮ್ಮೆ ಹೇಳಿ ಮುಂದೆ ಹೋದರೆ ಸಾಕು.

ಕಾರ್ಡ್ ಬರೆಯುವುದು

ಮಟ್ಟಕ್ಕೆ 'ಒಂದು, ಎರಡು, ಮೂರು' ಎಂದು ಹೆಸರಿಟ್ಟರೆ ಯಾರು ದಡ್ಡರು ಎಂದು ಮಕ್ಕಳು ಅರ್ಧ ಗಂಟೆಯಲ್ಲಿ ಕಂಡುಹಿಡಿಯುತ್ತಾರೆ. ಮೊಗ್ಗು, ಹೂ, ಕಾಯಿ ಎಂದಿಟ್ಟರೂ ಅಷ್ಟೇ, ಅದೂ ಏಣಿಯೇ ತಾನೆ? ನಾನು ಏಲಕ್ಕಿ, ಕರಿಮೆಣಸು, ಕಾಫಿ ಎಂದು ಚಿತ್ರ ಹಾಕುತ್ತೇನೆ. ಇದರಲ್ಲಿ ಯಾವುದು ಮೇಲೆ ಎಂದು ಕೇಳಿದರೆ ಮಕ್ಕಳು ಮಾರುಕಟ್ಟೆ ರೇಟು ಹೇಳುತ್ತಾರೆ, ಮತ್ತೆ ಏಲಕ್ಕಿಯೇ ಗೆಲ್ಲುತ್ತದೆ!

ನಮ್ಮ ವಿಷಯ ಹೂ ಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ. ಫೆಬ್ರವರಿ, ಮಾರ್ಚಿನಲ್ಲಿ ಇಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು.

ಏಲಕ್ಕಿ ಕಾರ್ಡಿನಲ್ಲಿ ಒಂದೂ ಒತ್ತಕ್ಷರ ಇಲ್ಲ:

"ಮಳೆ ಬಂತು. ಕಾಫಿ ಗಿಡ ನೆನೆಯಿತು. ಎಂಟು ದಿನ ಕಳೆಯಿತು. ಗಿಡದ ತುಂಬ ಬಿಳಿ ಹೂ. ಹೂವಿಗೆ ಜೇನು ಬಂತು. ತೋಟವೇ ಘಮಘಮ."

ಕರಿಮೆಣಸು ಕಾರ್ಡಿನಲ್ಲಿ ಸಜಾತೀಯ ಒತ್ತು ಮಾತ್ರ:

"ಮಳೆಗೆ ಮೊದಲು ಗಿಡದಲ್ಲಿ ಮೊಗ್ಗು ಸುಮ್ಮನೆ ಮಲಗಿತ್ತು. ಮಳೆ ಬಿದ್ದ ಮೇಲೆ ಮೊಗ್ಗು ಉಬ್ಬಿತು. ಒಂದು ಬೆಳಗ್ಗೆ ಎಲ್ಲ ಮೊಗ್ಗು ಒಮ್ಮೆಗೇ ಅರಳಿತು."

ಕಾಫಿ ಕಾರ್ಡಿನಲ್ಲಿ ಎಲ್ಲ ಬಗೆಯ ಒತ್ತೂ ಇದೆ:

"ಮಾರ್ಚ್ ಬಂದರೂ ಮಳೆ ಬಾರದಿದ್ದರೆ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುತ್ತಾರೆ. ಆದರೆ ಹೂ ಅರಳಿದ ದಿನವೇ ಜೋರು ಮಳೆ ಬಂದರೆ ಪರಾಗ ತೊಳೆದುಹೋಗುತ್ತದೆ. ಆಗ ಕಾಯಿ ಕಡಿಮೆ ಕಟ್ಟುತ್ತದೆ."

'ಸ್ಪ್ರಿಂಕ್ಲರ್' ನೋಡಲು ಭಯಂಕರ ಪದ. ಆದರೆ ತೋಟದ ಮಕ್ಕಳ ಕಿವಿಗೆ ಅದು ದಿನದ ಮಾತು. 'ಸ್ಪ್ರಿಂ' ತನಕ ಬಂದರೆ ಉಳಿದದ್ದು ತಾನೇ ಬಾಯಿಗೆ ಬರುತ್ತದೆ. ಕಾರ್ಡಿಗೆ ಇಂಥದ್ದು ಒಂದಿದ್ದರೆ ಸಾಕು.

ಮೂವರಿಗೂ ಸೇರಿ ಒಂದು ಪ್ರಶ್ನೆ ಕಾರ್ಡ್. ಮಳೆ, ಉಬ್ಬಿದ ಮೊಗ್ಗು, ಹೂ, ಜೇನು, ಕಾಯಿ ಎಂದು ಐದು ಚಿತ್ರದ ಚೀಟಿ ಕೊಟ್ಟು ಸಾಲಾಗಿ ಜೋಡಿಸಲು ಹೇಳುತ್ತೇನೆ. ಆಮೇಲೆ ಮೂರು ಪ್ರಶ್ನೆ. ಮಳೆ ಬಂದು ಎಷ್ಟು ದಿನಕ್ಕೆ ಹೂ? ಅರಳುವ ಮೊದಲು ಮೊಗ್ಗು ಏನಾಯಿತು? ಹೂ ಬಿಟ್ಟ ದಿನ ಜೋರು ಮಳೆ ಬಂದರೆ ಏನಾಗುತ್ತದೆ?

ಮೊದಲ ಪ್ರಶ್ನೆಯ ಉತ್ತರ ಇರುವುದು ಏಲಕ್ಕಿ ಕಾರ್ಡಿನಲ್ಲಿ ಮಾತ್ರ. ಅದನ್ನು ಬೇಕೆಂದೇ ಹಾಗೆ ಇಟ್ಟಿದ್ದೇನೆ. ಕ್ಲಾಸಿನಲ್ಲಿ ಚೆನ್ನಾಗಿ ಓದುವವಳು ಕೂಡ ತಡವರಿಸಿ ಓದುವವನ ಮುಖ ನೋಡಿ 'ನಿನ್ನದರಲ್ಲಿ ಏನಿದೆ, ಓದೋ' ಎಂದು ಕೇಳಲೇಬೇಕು. ಬಣ್ಣ ಹಚ್ಚುತ್ತಿದ್ದ ಹುಡುಗ 'ಎಂ...ಟು... ಎಂಟು!' ಎಂದು ಕೂಗಿದ್ದು ನನಗೆ ಇನ್ನೊಂದು ಮೂಲೆಯ ತನಕ ಕೇಳಿತ್ತು.

ಸೂಚನೆಯ ಭಾಷೆ ಏಲಕ್ಕಿ ಕಾರ್ಡಿಗಿಂತ ಕಷ್ಟ ಆಗಬಾರದು. ಇದರಲ್ಲಿ ನಾವು ಜಾಸ್ತಿ ತಪ್ಪುತ್ತೇವೆ. 'ಕೆಳಗಿನ ವಾಕ್ಯಗಳನ್ನು ಗಮನವಿಟ್ಟು ಓದಿ ಅರ್ಥೈಸಿಕೊಂಡು' ಎಂದು ಬರೆದರೆ ಮಗು ಸೂಚನೆಯಲ್ಲೇ ಮುಳುಗುತ್ತದೆ. ಕಣ್ಣಿನ ಚಿತ್ರ ಹಾಕಿ 'ಓದು', ಬಾಯಿ ಹಾಕಿ 'ಹೇಳು', ಕೈ ಹಾಕಿ 'ಜೋಡಿಸು', ಪೆನ್ಸಿಲ್ ಹಾಕಿ 'ಬರೆ'. ಒಂದು ಸೂಚನೆಗೆ ಒಂದೇ ಕೆಲಸ.

ಮೂವರನ್ನು ಕೂರಿಸುವುದು

ಆರು ಮಕ್ಕಳ ಮೂಲೆಯಲ್ಲಿ ಮೂವರ ಎರಡು ಗುಂಪು. ಪ್ರತಿ ಗುಂಪಿಗೂ ಮೂರು ಕಾರ್ಡ್. ಸರಾಗವಾಗಿ ಓದುವವರಿಗೆ ಕಾಫಿ, ಒತ್ತಕ್ಷರದಲ್ಲಿ ನಿಲ್ಲುವವರಿಗೆ ಕರಿಮೆಣಸು, ಉಳಿದವರಿಗೆ ಏಲಕ್ಕಿ. ನನ್ನ ಲೆಕ್ಕದಲ್ಲಿ ಒತ್ತಕ್ಷರದ ಏಳು ಮಕ್ಕಳಲ್ಲಿ ಒಬ್ಬನಿಗೆ ಏಲಕ್ಕಿಯೇ ಸಾಕು, ಆಗ ಕ್ಲಾಸಿನ ಆರು ಗುಂಪಿಗೂ ಕಾರ್ಡಿಗೊಬ್ಬರಂತೆ ಸರಿಹೋಗುತ್ತದೆ.

ಅಸ್ಸಾಂನ ಹುಡುಗಿಗೂ ಏಲಕ್ಕಿ ಕಾರ್ಡೇ, ಜೊತೆಗೆ ಮಳೆ, ಗಿಡ, ಹೂ, ಜೇನು ಎಂಬ ನಾಲ್ಕು ಪದಪಟ್ಟಿ ಮತ್ತು ಅವುಗಳ ಚಿತ್ರ. ಕರಿಮೆಣಸು ಹಿಡಿದ ಮಗು ಅವಳ ಕಾರ್ಡನ್ನು ಬೆರಳಿಟ್ಟು ಓದುತ್ತದೆ. ಪದ ಬಂದಾಗ ಅವಳು ಪಟ್ಟಿ ಎತ್ತಿ ಚಿತ್ರದ ಮೇಲೆ ಇಡುತ್ತಾಳೆ, ಅದಕ್ಕೆ ತನ್ನ ಮಾತಿನಲ್ಲಿ ಏನೆನ್ನುತ್ತಾರೆ ಎಂದು ಹೇಳುತ್ತಾಳೆ. ಇದರಿಂದ ಅವಳು ವಾಕ್ಯ ಓದಲು ಕಲಿಯುವುದಿಲ್ಲ. ಅದಕ್ಕೆ ಅವಳು ನನ್ನ ಮೂಲೆಗೇ ಬರಬೇಕು.

ಓದುವಾಗ ತಮ್ಮ ಕಾರ್ಡನ್ನು ಇನ್ನೊಬ್ಬರಿಗೆ ತೋರಿಸುವಂತಿಲ್ಲ, ಓದಿ ಹೇಳಬೇಕು. ಏಲಕ್ಕಿಗೆ ಬೆರಳಿಡುವ ಸಹಾಯ ಮಾತ್ರ ಇದಕ್ಕೆ ಹೊರತು. ಈ ನಿಯಮ ಬಿಟ್ಟರೆ ಜೋರಿನವಳು ಮೂರನ್ನೂ ಕಿತ್ತುಕೊಂಡು ಓದುತ್ತಾಳೆ.

ಓದದೆ ಉತ್ತರ ಬಂದರೆ

ಊರಿನ ವಿಷಯ ತೆಗೆದುಕೊಂಡರೆ ಒಂದು ತೊಂದರೆ ಇದೆ. ತೋಟದ ಮಕ್ಕಳಿಗೆ ಇದೆಲ್ಲ ಮೊದಲೇ ಗೊತ್ತು. ಒಬ್ಬ ಕಾರ್ಡ್ ತಿರುಗಿಸಿಯೂ ನೋಡದೆ 'ಹತ್ತು ದಿನ ಮಿಸ್, ನಮ್ಮ ತಾತ ಹೇಳಿದ್ದಾರೆ' ಎಂದ. ತಾತ ಹೇಳಿದ್ದೂ ಸರಿಯೇ, ಎಂಟೋ ಹತ್ತೋ ಆಗುತ್ತದೆ. ಆದರೆ ಓದಿದ್ದಾನೆಯೇ ಎಂದು ನನಗೆ ಗೊತ್ತಾಗಲಿಲ್ಲ. ಈಗ 'ಕಾರ್ಡಿನಲ್ಲಿ ಎಷ್ಟು ದಿನ ಎಂದಿದೆ? ಮನೆಯಲ್ಲಿ ಎಷ್ಟು ಎನ್ನುತ್ತಾರೆ?' ಎಂದು ಎರಡೂ ಕೇಳುತ್ತೇನೆ. ಕಾರ್ಡ್ ಮುಗಿಸಿದ ಮೇಲೆ ಪಠ್ಯವನ್ನು ಕೈಯಿಂದ ಮುಚ್ಚಿ ಪ್ರಶ್ನೆ ಓದಿ ನೋಡಿ. ನಿಮಗೇ ಓದದೆ ಉತ್ತರ ಹೊಳೆದರೆ ಪ್ರಶ್ನೆ ಬದಲಿಸಿ.

ಮಳೆಗಾಲದ ಎರಡು ಮಾತು

ಜೂನ್ ಆದ ಮೇಲೆ ಇಲ್ಲಿ ಕಾಗದ ಹಪ್ಪಳದ ಥರ ಸುರುಳಿ ಸುತ್ತುತ್ತದೆ, ಬೂಷ್ಟು ಹಿಡಿಯುತ್ತದೆ. ಲ್ಯಾಮಿನೇಷನ್ ಮಾಡಿಸುವಾಗ ಕಾಗದದ ಸುತ್ತ ಅರ್ಧ ಸೆಂಟಿಮೀಟರ್ ಪ್ಲಾಸ್ಟಿಕ್ ಅಂಚು ಬಿಡಲು ಹೇಳಿ. ಅಂಚಿಗೇ ಕತ್ತರಿಸಿದರೆ ಪಸೆ ಒಳಗೆ ನುಗ್ಗುತ್ತದೆ. ಅಳತೆ ಎ4 ಹಾಳೆಯ ಅರ್ಧ, ಅಕ್ಷರ ಒಂದು ಸೆಂಟಿಮೀಟರ್ ಎತ್ತರ. ಲ್ಯಾಮಿನೇಷನ್ ಆಗದಿದ್ದರೆ ಹಳೆಯ ಮದುವೆ ಕಾಗದದ ಹಿಂಬದಿಯೂ ಆಗುತ್ತದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಎರಡನೆಯದು ಸದ್ದು. ಶೀಟ್ ಹಾಕಿದ ಮಾಡಿನ ಮೇಲೆ ಜುಲೈ ಮಳೆ ಸುರಿಯುವಾಗ ಪಕ್ಕದವರ ಮಾತೇ ಕೇಳುವುದಿಲ್ಲ, ಇನ್ನು ಓದಿ ಹೇಳುವುದೆಲ್ಲಿ? ಅಂಥ ದಿನ ಬಾಯಿ ಚಿತ್ರದ ಜಾಗಕ್ಕೆ ಪೆನ್ಸಿಲ್ ಚಿತ್ರದ ಚೀಟಿ ಸಿಕ್ಕಿಸುತ್ತೇನೆ. ಮಕ್ಕಳು ಉತ್ತರವನ್ನು ಸ್ಲೇಟಿನಲ್ಲಿ ಬರೆದು ತೋರಿಸಿಕೊಳ್ಳುತ್ತಾರೆ. ಏಲಕ್ಕಿಯವನು 'ಎಂಟು' ಎಂಬ ಒಂದೇ ಪದ ಬರೆದರೂ ಆಟ ಮುಂದೆ ಹೋಗುತ್ತದೆ.

ಯಾವಾಗ ಕಾರ್ಡ್ ಬದಲಿಸುವುದು

ವಾರಕ್ಕೊಮ್ಮೆ, ನನ್ನ ಮೂಲೆಗೆ ಬಂದಾಗ, ಮಗುವಿಗೆ ಅದೇ ಮಟ್ಟದ ಆದರೆ ಹೊಸ ಸಾಲುಗಳನ್ನು ಓದಲು ಕೊಡುತ್ತೇನೆ. ಹಳೆಯ ಕಾರ್ಡ್ ಬೇಡ, ಅದು ಬಾಯಿಪಾಠ ಆಗಿರುತ್ತದೆ. ಹತ್ತು ಪದಕ್ಕೆ ಒಂದಕ್ಕಿಂತ ಜಾಸ್ತಿ ಎಡವಿದರೆ ಆ ಮಟ್ಟವೇ ಇನ್ನೂ ಕಷ್ಟ. ಇಪ್ಪತ್ತಕ್ಕೆ ಒಂದೇ ತಪ್ಪು ಬಂದು, ಏನು ಓದಿದೆ ಎಂದು ಹೇಳಲೂ ಬಂದರೆ ಮುಂದಿನ ಸಲ ಏಲಕ್ಕಿಯ ಬದಲು ಕರಿಮೆಣಸು. ಬಣ್ಣ ಹಚ್ಚುತ್ತಿದ್ದ ಹುಡುಗನಿಗೆ ಅದು ಸಿಕ್ಕಿದ್ದು ನವೆಂಬರಿನಲ್ಲಿ. 'ಮೊಗ್ಗು' ಪದದ ಮುಂದೆ ತುಂಬ ಹೊತ್ತು ನಿಂತ. ಏಲಕ್ಕಿ ಹಿಡಿದಿದ್ದವಳು 'ಓದೋ, ನಿನ್ನದರಲ್ಲಿ ಏನಿದೆ?' ಎಂದು ಅವಸರ ಮಾಡುತ್ತಿದ್ದಳು.