ಶಿರಸಿಯಲ್ಲಿ ಕಟ್ಟಿದ್ದು, ಲೇಹ್‌ನಲ್ಲಿ ಕಲಿತದ್ದು: ಗ್ಲೈಕಾಲ್ ಲೆಕ್ಕ

ಶಿರಸಿಯಲ್ಲಿ ಪೈಪ್ ಒಳಗಿನ ನೀರು ಹೆಪ್ಪುಗಟ್ಟುತ್ತೆ ಅಂತ ಯಾರಿಗೂ ಭಯವಿಲ್ಲ. ನಾನು ಇಷ್ಟು ವರ್ಷ ಮಾಡಿದ ಸೋಲಾರ್, ಬಾಯ್ಲರ್ ಕೆಲಸಗಳಲ್ಲಿ ನೀರಿಗೆ ಬೆರೆಸಿ ಹೆಪ್ಪುಗಟ್ಟದ ಹಾಗೆ ತಡೆಯುವ ಗ್ಲೈಕಾಲ್ ಅನ್ನೋ ದ್ರವವನ್ನು ಮುಟ್ಟಿಯೂ ಇರಲಿಲ್ಲ. ಕಾರವಾರದ ಪರಿಚಯದವರೊಬ್ಬರು ಲೇಹ್‌ನಲ್ಲಿ ಗೆಸ್ಟ್‌ಹೌಸ್ ನಡೆಸಲು ಹೊರಟಾಗ ಮುಟ್ಟಬೇಕಾಯಿತು.

ಯೋಜನೆ ಸರಳವಾಗಿತ್ತು. ಅಂಗಳದ ಶೆಡ್‌ನಲ್ಲಿ ಡೀಸೆಲ್ ಬಾಯ್ಲರ್. ಅಲ್ಲಿಂದ ಮನೆಯವರೆಗೆ ಬಯಲಲ್ಲಿ ಹೋಗಿಬರುವ ಪೈಪ್. ಮನೆಯೊಳಗೆ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್, ಅಂದರೆ ಲೋಹದ ಪ್ಲೇಟುಗಳ ಮೂಲಕ ಒಂದು ದ್ರವದ ಶಾಖವನ್ನು ಇನ್ನೊಂದಕ್ಕೆ ದಾಟಿಸುವ ಸಾಧನ. ಅದರ ಒಂದು ಬದಿಯಲ್ಲಿ ಬಾಯ್ಲರ್ ಲೂಪಿನ ಗ್ಲೈಕಾಲ್, ಇನ್ನೊಂದು ಬದಿಯಲ್ಲಿ ಕೋಣೆಗಳ ರೇಡಿಯೇಟರ್‌ಗೆ ಹೋಗುವ ಬರೀ ನೀರು. ಬೇಕಾದ ಶಾಖ ಸುಮಾರು 23 ಕಿಲೋವ್ಯಾಟ್. ಎಥಿಲೀನ್ ಗ್ಲೈಕಾಲ್ ವಿಷ, ಜನ ಇರುವ ಮನೆಗೆ ಬೇಡ ಅಂತ ತುಕ್ಕುನಿರೋಧಕ ಬೆರೆಸಿದ ಪ್ರೊಪಿಲೀನ್ ಗ್ಲೈಕಾಲ್ ತರಿಸಿದೆ.

'ಅರ್ಧಕ್ಕರ್ಧ ಹಾಕಿಬಿಡಿ, ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ' ಅಂದರು ಮಾಲೀಕರು. ನನಗೂ ಹಾಗೇ ಅನಿಸಿತ್ತು. ಆದರೂ ಕಣ್ಣಾರೆ ನೋಡೋಣ ಅಂತ ನಾಲ್ಕು ಬಾಟಲಿ ತುಂಬಿ, ಪೇಟೆಯ ಐಸ್‌ಕ್ರೀಂ ಅಂಗಡಿಯ ಡೀಪ್ ಫ್ರೀಜರ್‌ನಲ್ಲಿ ಎರಡು ರಾತ್ರಿ ಇಟ್ಟೆ. ಫ್ರೀಜರ್ ಮೈನಸ್ 18ರಲ್ಲಿತ್ತು. ಬರೀ ನೀರಿನ ಬಾಟಲಿ ಕಲ್ಲಾಗಿ ತಳ ಉಬ್ಬಿ ನೆಟ್ಟಗೆ ನಿಲ್ಲುತ್ತಿರಲಿಲ್ಲ. 30% ಇದ್ದದ್ದು ಗೋಲಾ ಐಸಿನ ಹಾಗೆ ಪುಡಿಪುಡಿಯಾಗಿತ್ತು, ಆದರೆ ಬಾಟಲಿ ಉಬ್ಬಿರಲಿಲ್ಲ. 40% ಮತ್ತು 50% ದ್ರವವಾಗಿಯೇ ಇದ್ದವು, ಕೊಬ್ಬರಿ ಎಣ್ಣೆಯ ಹಾಗೆ ನಿಧಾನ ಸುರಿದವು.

ಆ 30% ಬಾಟಲಿ ನೋಡಿದ ಮೇಲೆ ಒಂದು ವಿಷಯ ತಿಳಿಯಾಯಿತು. ಪೈಪ್ ಒಡೆಯದಿರುವುದು ಬೇರೆ, ಪಂಪ್ ಓಡುವುದು ಬೇರೆ. ಚಳಿಗಾಲ ಪೂರ್ತಿ ಬಾಗಿಲು ಹಾಕುವ ಕಟ್ಟಡವಾದರೆ ಒಳಗೆ ಪುಡಿ ಐಸ್ ಆದರೂ ನಡೆದೀತು, ಪೈಪ್ ಉಳಿಯುತ್ತೆ. ಬೆಳಗಿನ ಜಾವ ಬಾಯ್ಲರ್ ಹತ್ತಬೇಕು ಅಂದರೆ ಅಲ್ಲಿನ ಅತಿ ಚಳಿಯ ರಾತ್ರಿಯಲ್ಲೂ ಅದು ಹರಿಯುವ ದ್ರವವಾಗಿರಬೇಕು. ಲೇಹ್‌ನಲ್ಲಿ ಮೈನಸ್ 20 ಅಪರೂಪವಲ್ಲ. ಪ್ರೊಪಿಲೀನ್ ಗ್ಲೈಕಾಲ್ 40% ಇದ್ದರೆ ಮೈನಸ್ 21ರ ಆಸುಪಾಸು ತಡೆಯುತ್ತೆ, 45% ಇದ್ದರೆ ಮೈನಸ್ 26ರ ಹತ್ತಿರ, 50% ಆದರೆ ಮೈನಸ್ 33.

ಸಾಗಿಸುವ ಮೊದಲು ಲೂಪ್ ಪೂರ್ತಿ ನಮ್ಮ ಶೆಡ್‌ನಲ್ಲೇ ಜೋಡಿಸಿ ಓಡಿಸಿದೆವು. ಆಚೆ ಬದಿಗೆ ದೊಡ್ಡ ಟ್ಯಾಂಕ್ ಇಟ್ಟು, ಬಾವಿ ನೀರು ಬೆರೆಸುತ್ತಾ ಒಳಬರುವ ನೀರನ್ನು 45 ಡಿಗ್ರಿಯಲ್ಲಿ ಹಿಡಿದುಕೊಂಡೆವು. ಮೊದಲು ಬರೀ ನೀರು. ಪಂಪ್ ನಿಮಿಷಕ್ಕೆ 34 ಲೀಟರ್ ಕೊಟ್ಟಿತು. ಬಾಯ್ಲರ್‌ನಿಂದ 70ರಲ್ಲಿ ಹೋಗಿ 60ರಲ್ಲಿ ವಾಪಸ್. ಆಚೆ ಬದಿ 45 ಇದ್ದದ್ದು 55. ಲೆಕ್ಕ ಸರಿಯಾಗಿತ್ತು.

ಮರುದಿನ 50% ಗ್ಲೈಕಾಲ್ ತುಂಬಿದೆವು. ಹೋಗುವುದು 70, ಬರುವುದು 61. ಜೊತೆಗಿದ್ದ ಹೆಂಡತಿಯ ತಮ್ಮ, 'ಒಂಬತ್ತು ಡಿಗ್ರಿ ಬತ್ತಾ ಇದ್ದಲ ಭಾವಾ, ಸರಿ ಇದ್ದು' ಅಂದ. ನಾನೂ ತಲೆಯಾಡಿಸಿದೆ. ಆಮೇಲೆ ಆಚೆ ಬದಿಯ ಥರ್ಮಾಮೀಟರ್ ನೋಡಿದರೆ 52! ಅಲ್ಲಿ ಹರಿಯುವ ನೀರಿನ ಪ್ರಮಾಣ ಬದಲಾಗಿರಲಿಲ್ಲ. ಹತ್ತು ಡಿಗ್ರಿ ಏರುತ್ತಿದ್ದದ್ದು ಏಳು ಏರುತ್ತಿದೆ ಅಂದರೆ ಶಾಖ 23ರಿಂದ 16 ಕಿಲೋವ್ಯಾಟ್‌ಗೆ ಇಳಿದಿದೆ.

ಬಾಯ್ಲರ್ ಬದಿಯ ಒಂಬತ್ತು ಡಿಗ್ರಿ ನಮಗೆ ಟೋಪಿ ಹಾಕಿತ್ತು. ಗ್ಲೈಕಾಲ್ ಮಂದ, ಪೈಪಿನಲ್ಲಿ ತಿಕ್ಕಾಟ ಜಾಸ್ತಿ, ಹಾಗಾಗಿ ಅದೇ ಪಂಪ್ ಈಗ ನಿಮಿಷಕ್ಕೆ 29 ಲೀಟರ್ ಮಾತ್ರ ತಳ್ಳುತ್ತಿತ್ತು. ಒಂದು ಲೀಟರ್ ಹೊರುವ ಶಾಖವೂ ನೀರಿಗಿಂತ ಸುಮಾರು ಹತ್ತನೇ ಒಂದು ಭಾಗ ಕಮ್ಮಿ. ಕಮ್ಮಿ ದ್ರವ, ಕಮ್ಮಿ ಶಾಖ ಹೊತ್ತು, ಹೆಚ್ಚುಕಮ್ಮಿ ಅಷ್ಟೇ ಡಿಗ್ರಿ ತಣಿದು ಬರುತ್ತಿತ್ತು. ಗ್ಲೈಕಾಲ್ ಲೂಪ್ ಪರೀಕ್ಷೆ ಮಾಡುವಾಗ ನೀರಿನ ಬದಿಯ ಏರಿಕೆಯನ್ನೇ ನಂಬಿ ಅಂತ ಅದಕ್ಕೇ ಹೇಳುತ್ತೇನೆ.

ದೊಡ್ಡ ಹೊಡೆತ ಬಿದ್ದಿದ್ದು ಪಂಪಿಗಲ್ಲ, ಎಕ್ಸ್‌ಚೇಂಜರಿಗೆ. ಪ್ಲೇಟಿಗೆ ಅಂಟಿ ಹರಿಯುವ ಪದರ ದಪ್ಪವಾಗುತ್ತೆ, ಗ್ಲೈಕಾಲ್ ಶಾಖವನ್ನು ಒಳಗೆ ಬಿಟ್ಟುಕೊಡುವುದೂ ಕಮ್ಮಿ. ಆ ಬದಿಯ ಶಾಖ ದಾಟುವಿಕೆ ಹತ್ತಿರಹತ್ತಿರ ಅರ್ಧವಾಗುತ್ತೆ. ಇನ್ನೊಂದು ಬದಿ ನೀರೇ ಆದ್ದರಿಂದ ಒಟ್ಟಾರೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ನಷ್ಟ.

ಪ್ಲೇಟುಗಳ ಸಂಖ್ಯೆ ಹೆಚ್ಚಿಸಿದರೆ ಆಯ್ತಲ್ಲ ಅಂದುಕೊಂಡೆ. ಕಾಗದದ ಮೇಲೆ ಹಾಕಿ ನೋಡಿದರೆ ಲಾಭ ಅಷ್ಟಿಲ್ಲ. ಪ್ಲೇಟ್ ಹೆಚ್ಚಿದರೆ ಪ್ರತಿ ಸಂದಿಯಲ್ಲೂ ಹರಿವು ನಿಧಾನವಾಗುತ್ತೆ, ಗ್ಲೈಕಾಲ್ ಇನ್ನಷ್ಟು ಸೋಮಾರಿಯಾಗುತ್ತೆ. ಬೇಕಿದ್ದದ್ದು ಅಷ್ಟೇ ಸಂಖ್ಯೆಯ, ಒಂದೂವರೆ ಪಟ್ಟಿಗಿಂತ ತುಸು ಜಾಸ್ತಿ ಉದ್ದದ ಪ್ಲೇಟ್. ಅದಕ್ಕೆ ಒತ್ತಡವೂ ಹೆಚ್ಚು ಬೇಕು, ಹಾಗಾಗಿ ಪಂಪ್ ಕೂಡ ಬದಲಾಯಿಸಿ, ನಿಮಿಷಕ್ಕೆ 37 ಲೀಟರ್ ಹರಿವಿಗೆ 8 ಮೀಟರ್ ಹೆಡ್, ಅಂದರೆ 8 ಮೀಟರ್ ಎತ್ತರದ ನೀರಿನಷ್ಟು ಒತ್ತಡ ಕೊಡುವುದನ್ನು ತಂದೆ. ಗ್ಲೈಕಾಲ್ 45%ಕ್ಕೆ ಇಳಿಸಿದೆ. ಏರಿಕೆ ಮತ್ತೆ ಹತ್ತಕ್ಕೆ ಚೂರೇ ಕಮ್ಮಿ ಬಂತು.

ಲೇಹ್‌ಗೆ ಹೋದ ಮೇಲೆ ಎಡವಿದ್ದು ಲೂಪಿನ ಒಟ್ಟು ಲೀಟರ್ ಲೆಕ್ಕದಲ್ಲಿ. ಪೈಪಿನ ಉದ್ದದಿಂದ ಲೆಕ್ಕ ಹಾಕುವ ಬದಲು, ಸೋರಿಕೆ ನೋಡಲು ನೀರು ತುಂಬುವಾಗ ಮೀಟರ್ ಇಟ್ಟು ಅಳೆದೆ, 84 ಲೀಟರ್. ಅಲ್ಲಿಯವರೆಗೆ ಜಾಣತನವೇ. ಆಮೇಲೆ ನೀರು ಖಾಲಿ ಮಾಡಿ 45% ಮಿಶ್ರಣ ಸುರಿದರೆ 64 ಲೀಟರಿಗೇ ಲೂಪ್ ತುಂಬಿಬಿಟ್ಟಿತು. ಉಳಿದ 20 ಲೀಟರ್ ನೀರು ಪೈಪಿನ ತಗ್ಗುಗಳಲ್ಲಿ, ಬಾಯ್ಲರ್ ತಳದಲ್ಲಿ ಕೂತೇ ಇತ್ತು! ಒಂದು ದಿನ ಪಂಪ್ ಓಡಿಸಿ, ಗ್ಲೈಕಾಲ್ ಪ್ರಮಾಣ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ಒಂದು ಹನಿ ನೋಡಿದಾಗ 34%. (ಅದರಲ್ಲಿ ಎಥಿಲೀನ್‌ಗೆ ಒಂದು ಗೆರೆ, ಪ್ರೊಪಿಲೀನ್‌ಗೆ ಇನ್ನೊಂದು. ತಪ್ಪು ಗೆರೆ ಓದಿದರೆ ಪೂರ್ತಿ ಎಡವಟ್ಟು.) ಮೈನಸ್ 20ಕ್ಕೆ ಅದು ಸಾಲದು. ಸರಿಪಡಿಸುವ ಲೆಕ್ಕ ಇದು, V ಅಂದರೆ ಲೂಪಿನ ಒಟ್ಟು ಲೀಟರ್, C1 ಈಗಿರುವ ಶೇಕಡಾ, C2 ಬೇಕಾದ ಶೇಕಡಾ:

```
ಲೀಟರ್ = V × (C2 − C1) / (100 − C1)
84 × (45 − 34) / (100 − 34) = 14
```

ಅಂದರೆ ಲೂಪಿನಿಂದ 14 ಲೀಟರ್ ತೆಗೆದು, ಅಷ್ಟೇ ನೀರು ಬೆರೆಸದ ಗ್ಲೈಕಾಲ್ ಹಾಕಬೇಕು. ಹಾಕಿ, ಮತ್ತೆ ಓಡಿಸಿ ನೋಡಿದಾಗ 45ಕ್ಕೆ ಬಂತು. ಚಳಿಯಲ್ಲಿ ಹತ್ತಿಸುವಾಗ ಪಂಪ್ ಐದು ನಿಮಿಷ ಓಡಿದ ಮೇಲೇ ಬರ್ನರ್ ಹತ್ತುವ ಹಾಗೆ ಟೈಮರ್ ಇಟ್ಟೆ. ಇಲ್ಲದಿದ್ದರೆ ದಪ್ಪ ದ್ರವ ಸರಿಯಾಗಿ ಹರಿಯದೆ ಬಾಯ್ಲರ್ ಬಿಸಿಯೇರಿ ಟ್ರಿಪ್ ಆಗುತ್ತಿತ್ತು. 3,500 ಮೀಟರ್ ಎತ್ತರದಲ್ಲಿ ಬರ್ನರ್ ಹೊಂದಿಸಿದ್ದು ಇನ್ನೊಂದು ದೊಡ್ಡ ಕಥೆ, ಇಲ್ಲಿ ಬೇಡ.

ಎರಡನೇ ಚಳಿಗಾಲದ ಮುಂಚೆ ಫೋನ್ ಬಂತು, ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತಿದೆ ಅಂತ. ತಪ್ಪು ನನ್ನದೇ. ಬಿಸಿಯಾಗಿ ಹಿಗ್ಗಿದ ದ್ರವಕ್ಕೆ ಜಾಗ ಕೊಡುವ ಎಕ್ಸ್‌ಪಾನ್ಶನ್ ಟ್ಯಾಂಕನ್ನು ನೀರಿನ ಲೆಕ್ಕದಲ್ಲಿ 8 ಲೀಟರ್‌ನದು ಇಟ್ಟಿದ್ದೆ. ನೀರಾಗಿದ್ದರೆ 84 ಲೀಟರಿಗೆ ಸುಮಾರು 2 ಲೀಟರ್ ಹಿಗ್ಗುತ್ತಿತ್ತು. ಈ ಮಿಶ್ರಣ ಲೇಹ್‌ನ ಚಳಿಯಿಂದ 70 ಡಿಗ್ರಿಗೆ ಏರುವಾಗ 4ರ ಹತ್ತಿರ ಹಿಗ್ಗುತ್ತೆ. ಹೆಚ್ಚಾದದ್ದು ವಾಲ್ವ್‌ನಿಂದ ಹೊರಗೆ. ಒತ್ತಡ ಇಳಿದಾಗಲೆಲ್ಲ ಅಲ್ಲಿನ ಹುಡುಗ ನಲ್ಲಿ ತಿರುಗಿಸಿ ನೀರು ತುಂಬಿದ್ದ. ನಾನು ಹೋಗಿ ನೋಡುವಾಗ 38%ಕ್ಕೆ ಇಳಿದಿತ್ತು.

ಈಗ ದೊಡ್ಡ ಟ್ಯಾಂಕ್ ಇದೆ. ಪಕ್ಕದಲ್ಲಿ 45% ಬೆರೆಸಿದ ಕ್ಯಾನ್ ಮತ್ತು ಕೈಪಂಪ್ ಇಟ್ಟು ಬಂದಿದ್ದೇನೆ. ನೀರಿನ ನಲ್ಲಿಯ ಹ್ಯಾಂಡಲ್ ಮಾತ್ರ ಬಿಚ್ಚಿಕೊಂಡು ಬಂದೆ. ಅದು ಶಿರಸಿಯಲ್ಲಿ ನನ್ನ ಮೇಜಿನ ಡ್ರಾಯರ್‌ನಲ್ಲಿದೆ.