72 ಟೆಸ್ಟ್, ಮೂರು ಟ್ಯೂಬ್: ಹೊಸ ವರ್ಷದ ಹೆಲ್ತ್ ಪ್ಯಾಕೇಜ್ ಆರಿಸುವುದು ಹೇಗೆ?

ಡಿಸೆಂಬರ್ ಕೊನೆ ವಾರದಲ್ಲಿ ಬೆಳಿಗ್ಗೆ ಪೇಪರ್ ಬಿಡಿಸಿದರೆ ಒಳಗಿಂದ ಎರಡು ಕರಪತ್ರ ಜಾರಿ ಬೀಳುತ್ತವೆ. ಒಂದು ಬಟ್ಟೆ ಅಂಗಡಿಯದು, ಇನ್ನೊಂದು ಆಸ್ಪತ್ರೆಯದು. ಹೋದ ವರ್ಷ ನಮ್ಮ ಎದುರು ಮನೆಯ ದಂಪತಿ ಆ ಎರಡನೆಯದನ್ನು ಹಿಡಿದುಕೊಂಡು ಬಂದರು. ಗಂಡನಿಗೆ 46 ವರ್ಷ, ಹಾರ್ಡ್‌ವೇರ್ ಅಂಗಡಿ ಇದೆ. ಹೆಂಡತಿಗೆ 42, ಶಾಲೆಯಲ್ಲಿ ಟೀಚರ್. ನಾನು ಹನ್ನೆರಡು ವರ್ಷ ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ ಮಾಡಿದವನು ಅಂತ ಇಬ್ಬರಿಗೂ ಗೊತ್ತು.

“ಸರ್, 72 ಟೆಸ್ಟ್ ಬರೀ 2,999ಕ್ಕೆ. ಮಾಡಿಸಿಬಿಡೋಣ್ವಾ?”

ಮಾಡಿಸಬಹುದು. ಆದರೆ ಮೊದಲು ಒಂದು ಪೆನ್ ತನ್ನಿ ಎಂದೆ.

ಮೊದಲು ಕರಪತ್ರದ ಮಾತು ಓದಿ

ಆ ಕರಪತ್ರದಲ್ಲಿ ಎರಡು ಸಾಲು ದಪ್ಪ ಅಕ್ಷರದಲ್ಲಿದ್ದವು. ಮೇಲೆ, “ಹೃದಯಾಘಾತ ಹೇಳಿ ಕೇಳಿ ಬರುವುದಿಲ್ಲ, ಇಂದೇ ಬನ್ನಿ.” ಕೆಳಗೆ, “ತಪಾಸಣೆ ಮಾಡಿಸಿ, ವರ್ಷವಿಡೀ ನಿಶ್ಚಿಂತೆಯಿಂದಿರಿ.” ಮೊದಲನೆಯದು ಹೆದರಿಸುತ್ತದೆ, ಎರಡನೆಯದು ಭರವಸೆ ಕೊಡುತ್ತದೆ. ಎರಡನ್ನೂ ಪೆನ್ನಿನಿಂದ ಹೊಡೆದು ಹಾಕಿದೆ.

ಕಾರಣ ಇದೆ. ಮಲಗಿಸಿ ತೆಗೆಯುವ ಇಸಿಜಿ ಆ ಕೆಲವು ಸೆಕೆಂಡುಗಳ ಹೃದಯ ಬಡಿತವನ್ನು ಬರೆದುಕೊಳ್ಳುತ್ತದೆ, ಅಷ್ಟೇ. ರಕ್ತನಾಳದಲ್ಲಿ ಅಡ್ಡಿ ಇದ್ದೂ ಇಸಿಜಿ ನಾರ್ಮಲ್ ಬರಬಹುದು. ಕೊಲೆಸ್ಟರಾಲ್ ಸರಿಯಿದ್ದವರಿಗೂ ಹೃದಯದ ತೊಂದರೆ ಬರಬಹುದು, ಜಾಸ್ತಿ ಇದ್ದವರೆಲ್ಲರಿಗೂ ಬರಲೇಬೇಕೆಂದಿಲ್ಲ. ಹಾಗಾಗಿ ಯಾವ ಪ್ಯಾಕೇಜೂ ವರ್ಷದ ನಿಶ್ಚಿಂತೆಯನ್ನು ಮಾರಲಾರದು.

ನನ್ನ ಕೈಗೆ ಕೊಟ್ಟಿದ್ದರೆ ಹೀಗೆ ಬರೆಯುತ್ತಿದ್ದೆ: “ಈ ಪರೀಕ್ಷೆಗಳಿಂದ ಕೆಲವು ತೊಂದರೆಗಳು ಬೇಗ ಗೊತ್ತಾಗಬಹುದು, ಎಲ್ಲವೂ ಅಲ್ಲ. ನಿಮಗೆ ಯಾವುದು ಬೇಕು ಎಂದು ಮೊದಲು ವೈದ್ಯರ ಜೊತೆ ಮಾತಾಡಿ. ಈಗಾಗಲೇ ಏನಾದರೂ ತೊಂದರೆ ಇದ್ದರೆ ಪ್ಯಾಕೇಜ್‌ಗೆ ಕಾಯದೆ ಒಪಿಡಿಗೆ ಬನ್ನಿ.” ಕೊನೆಯ ಸಾಲು ಮುಖ್ಯ. ಪ್ಯಾಕೇಜ್ ಇರುವುದು ಏನೂ ತೊಂದರೆ ಕಾಣದವರಿಗೆ. ಎದೆನೋವು, ತಿಂಗಳುಗಟ್ಟಲೆ ವಾಸಿಯಾಗದ ಬಾಯಿಹುಣ್ಣು, ಕಾರಣವಿಲ್ಲದೆ ಇಳಿಯುತ್ತಿರುವ ತೂಕ, ಇವು ರಿಯಾಯಿತಿ ದರಕ್ಕೆ ಕಾಯುವ ವಿಷಯಗಳಲ್ಲ.

72 ಅನ್ನು ಮಡಚಿ ಎಣಿಸಿ

ಈಗ ಲೆಕ್ಕ. ಸಿಬಿಸಿ ಎಂಬ ಒಂದೇ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎಂದೆಲ್ಲ ಸೇರಿ 24 ಸಾಲು ಇದ್ದವು. ಮೂತ್ರ ಪರೀಕ್ಷೆಯಲ್ಲಿ 16. ಲಿವರ್‌ಗೆ 11, ಕೊಬ್ಬಿನಂಶದ ಲಿಪಿಡ್ ಪರೀಕ್ಷೆಗೆ 8, ಕಿಡ್ನಿಗೆ 6, ಥೈರಾಯ್ಡ್‌ಗೆ 3. ಖಾಲಿ ಹೊಟ್ಟೆಯ ಸಕ್ಕರೆ 1, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿಯ 2 ಸಾಲು, ವಿಟಮಿನ್ ಡಿ 1. ಕೂಡಿದರೆ 72. ಹೆಸರು ಹಿಡಿದು ಎಣಿಸಿದರೆ ಒಂಬತ್ತೇ ಪರೀಕ್ಷೆ. ಲ್ಯಾಬ್‌ನವರ ಕಣ್ಣಲ್ಲಿ ಇನ್ನೂ ಸರಳ: ನೇರಳೆ ಮುಚ್ಚಳದ್ದು, ಬೂದು ಮುಚ್ಚಳದ್ದು, ಹಳದಿ ಮುಚ್ಚಳದ್ದು ಎಂದು ಮೂರು ಟ್ಯೂಬ್ ರಕ್ತ, ಒಂದು ಡಬ್ಬಿ ಮೂತ್ರ.

ಇದು ಮೋಸವಲ್ಲ. ಮಷೀನ್ ಅಷ್ಟು ಸಾಲು ಕೊಡುವುದು ನಿಜ. ಆದರೆ 72ರ ಪ್ಯಾಕೇಜಿಗಿಂತ 90ರದ್ದು ಒಳ್ಳೆಯದು ಎಂದು ಸಂಖ್ಯೆ ನೋಡಿ ತೀರ್ಮಾನಿಸಬೇಡಿ. ಸಾಲು ಎಣಿಸುವ ಬದಲು ಪರೀಕ್ಷೆಯ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಎರಡು ಆಸ್ಪತ್ರೆಗಳ ಚೀಟಿ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ತಾನೇ ಗೊತ್ತಾಗುತ್ತದೆ.

ನಿಮ್ಮದು ಯಾವುದು, ನೋಡಿ

ಚೀಟಿಯಲ್ಲಿ ಇಲ್ಲದ್ದೇ ಇಲ್ಲಿ ಜಾಸ್ತಿ ಕೆಲಸಕ್ಕೆ ಬಂತು. ಹಾರ್ಡ್‌ವೇರ್ ಅಂಗಡಿಯವರ ತಂದೆಗೆ ಸಕ್ಕರೆ ಕಾಯಿಲೆ ಇತ್ತು. ಇವರಿಗೆ ಹೊಗೆಸೊಪ್ಪು ಹಾಕಿ ಎಲೆಅಡಿಕೆ ತಿನ್ನುವ ಅಭ್ಯಾಸ, ಇಪ್ಪತ್ತು ವರ್ಷದ್ದು. ಸಕ್ಕರೆ, ಲಿಪಿಡ್, ಬಿಪಿ ಇವರಿಗೆ ಬೇಕೇ ಬೇಕು. ಅದಕ್ಕಿಂತ ಬೇಕಾದದ್ದು ಯಾರಾದರೂ ವೈದ್ಯರು ಟಾರ್ಚ್ ಹಿಡಿದು ಬಾಯಿಯ ಒಳಗೆ ನೋಡುವುದು. ಅದು 72ರಲ್ಲಿ ಇರಲಿಲ್ಲ. ಸೊಂಟದ ಅಳತೆಯೂ ಇರಲಿಲ್ಲ. ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ದಾಟಿದರೆ ವೈದ್ಯರು ಗಮನಿಸುತ್ತಾರೆ. ಒಂದು ಟೇಪ್ ಸಾಕು.

ಟೀಚರ್ ಅವರಿಗೆ ಕರಪತ್ರದಲ್ಲಿ ಇನ್ನೊಂದು ಆಮಿಷ ಇತ್ತು: 1,500 ರೂಪಾಯಿ ಸೇರಿಸಿದರೆ ‘ಕ್ಯಾನ್ಸರ್ ಮಾರ್ಕರ್’ ಪರೀಕ್ಷೆ. ಅದು ಅಂಡಾಶಯದ ಕ್ಯಾನ್ಸರ್‌ಗೆ ಸಂಬಂಧಿಸಿದ ಸಿಎ-125 ಎಂಬ ರಕ್ತ ಪರೀಕ್ಷೆ. ಬೇಡ ಎಂದೆ. ಮುಟ್ಟಿನ ದಿನಗಳಲ್ಲೂ ಆ ಅಂಕಿ ಏರುತ್ತದೆ, ಗರ್ಭಕೋಶದ ಸಣ್ಣಪುಟ್ಟ ತೊಂದರೆಗಳಲ್ಲೂ ಏರುತ್ತದೆ. ನಿಜವಾಗಿ ಕಾಯಿಲೆ ಇದ್ದಾಗ ಏರದೆಯೂ ಇರಬಹುದು. ಅದು ಹೆಚ್ಚಾಗಿ ಬಳಕೆಯಾಗುವುದು ಈಗಾಗಲೇ ಕಾಯಿಲೆ ಗೊತ್ತಾದವರ ಚಿಕಿತ್ಸೆ ಹೇಗೆ ಸಾಗಿದೆ ಎಂದು ನೋಡಲು. ತೊಂದರೆ ಇಲ್ಲದವರಲ್ಲಿ ಸುಮ್ನೆ ಹುಡುಕಲು ಅಲ್ಲ.

ಅವರ ವಯಸ್ಸಿಗೆ ಕೇಳಬೇಕಾದದ್ದು ಗರ್ಭಕಂಠದ ಕ್ಯಾನ್ಸರ್ ಪತ್ತೆಯ ಪರೀಕ್ಷೆ. ಪ್ಯಾಪ್ ಟೆಸ್ಟ್ ಆದರೆ, ನಾರ್ಮಲ್ ಬಂದಲ್ಲಿ, ಮೂರು ವರ್ಷಕ್ಕೊಮ್ಮೆ. ಎಚ್‌ಪಿವಿ ಎಂಬ ವೈರಸ್ ಹುಡುಕುವ ಟೆಸ್ಟ್ ಆದರೆ ಐದು ವರ್ಷಕ್ಕೊಮ್ಮೆ. ಜೊತೆಗೆ ವೈದ್ಯರಿಂದ ಸ್ತನದ ತಪಾಸಣೆ. ಮ್ಯಾಮೊಗ್ರಾಂ ಯಾವಾಗಿನಿಂದ ಎನ್ನುವುದು ಮನೆಯಲ್ಲಿ ಯಾರಿಗಾದರೂ ಇತ್ತೇ ಎಂಬುದನ್ನೂ ನೋಡಿ ವೈದ್ಯರು ಹೇಳುತ್ತಾರೆ. ಇವೆಲ್ಲ ಮಾಡಿಸಿದರೆ ಕ್ಯಾನ್ಸರ್ ಬರುವುದೇ ಇಲ್ಲ ಎಂದಲ್ಲ. ಬೇಗ ಕಂಡುಹಿಡಿಯುವ ಅವಕಾಶ ಸಿಗುತ್ತದೆ.

ದುಡ್ಡಿನ ಯೋಚನೆ ಇದ್ದರೆ ಇದೂ ಗೊತ್ತಿರಲಿ: 30 ದಾಟಿದವರಿಗೆ ಬಿಪಿ, ಸಕ್ಕರೆ, ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಇದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಸರ್ಕಾರದ ‘ನಮ್ಮ ಕ್ಲಿನಿಕ್’‌ನಲ್ಲಿ ವಿಚಾರಿಸಿ.

ದಿನ ಆರಿಸಿ

ಜನವರಿ 2ಕ್ಕೆ ಬುಕ್ ಮಾಡುವವರೇ ಜಾಸ್ತಿ. ಅದೇ ಸರಿಯಲ್ಲದ ದಿನ. 31ರ ರಾತ್ರಿಯ ಬಿರಿಯಾನಿ, ಕೇಕು, ಒಂದೆರಡು ಪೆಗ್ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಅಂಕಿಯನ್ನು ಏರಿಸಿರಬಹುದು. ಇನ್ನೊಂದು ಸಂಗತಿ ತುಂಬಾ ಜನರಿಗೆ ಗೊತ್ತಿಲ್ಲ. ಹೊಸ ವರ್ಷಕ್ಕೆ ಜಿಮ್ ಸೇರಿ ಭಾರ ಎತ್ತಿದವರ ಸ್ನಾಯುಗಳಿಂದ ಎಸ್‌ಜಿಒಟಿ ಎಂಬ ಅಂಶ ರಕ್ತಕ್ಕೆ ಬರುತ್ತದೆ. ಅದೇ ಅಂಶ ಲಿವರ್‌ನಲ್ಲೂ ಇದೆ. ರಿಪೋರ್ಟ್‌ನಲ್ಲಿ ಅದು ಲಿವರ್ ತಲೆಬರಹದ ಕೆಳಗೆ ಕೂತಿರುತ್ತದೆ, ನೀವು ಲಿವರ್ ಕೆಟ್ಟಿತು ಅಂದುಕೊಳ್ಳುತ್ತೀರಿ.

ಪ್ಯಾಕೇಜ್ ಎಷ್ಟು ದಿನದವರೆಗೆ ಇದೆ ಎಂದು ಕೇಳಿ. ತಿಂಗಳ ಕೊನೆವರೆಗೆ ಇದ್ದರೆ ಎರಡನೇ ಅಥವಾ ಮೂರನೇ ವಾರ ಹೋಗಿ. ಅದಕ್ಕೆ ಮುಂಚೆ ಒಂದು ವಾರ ಎಂದಿನ ಊಟ, ಎಂದಿನ ಕೆಲಸ. ಹೆಂಗಸರು ಮುಟ್ಟಿನ ದಿನಗಳನ್ನು ಬಿಟ್ಟು ಬುಕ್ ಮಾಡಿ, ಮೂತ್ರ ಪರೀಕ್ಷೆಗೂ ಪ್ಯಾಪ್‌ಗೂ ಅದೇ ಒಳ್ಳೆಯದು. ಕೂದಲು ಉದುರುವುದಕ್ಕೆ ಬಯೊಟಿನ್ ಮಾತ್ರೆ ನುಂಗುತ್ತಿದ್ದರೆ ಲ್ಯಾಬ್‌ಗೆ ಮೊದಲೇ ಹೇಳಿ. ಕೆಲವು ಮಷೀನ್‌ಗಳಲ್ಲಿ ಅದು ಥೈರಾಯ್ಡ್ ಅಂಕಿಯನ್ನು ತಪ್ಪಾಗಿ ತೋರಿಸುತ್ತದೆ.

ಆ ಬೆಳಿಗ್ಗೆ

ರಾತ್ರಿ ಎಂಟೂವರೆಗೆ ಊಟ ಮುಗಿಸಿ, ಬೆಳಿಗ್ಗೆ ಏಳೂವರೆಗೆ ಆಸ್ಪತ್ರೆ. ಹತ್ತು ಗಂಟೆ ಖಾಲಿ ಹೊಟ್ಟೆ ಸಾಕು. ನೀರು ಕುಡಿಯಬಹುದು. ಸಕ್ಕರೆ ಹಾಕದ ಕಾಫಿಯೂ ಬೇಡ. ದಿನಾ ನುಂಗುವ ಬಿಪಿ, ಸಕ್ಕರೆ ಮಾತ್ರೆಗಳನ್ನು ಏನು ಮಾಡಬೇಕೆಂದು ನಿಮ್ಮ ವೈದ್ಯರನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.

ಎಡವಟ್ಟು ಆಗುವುದು ಕ್ರಮದಲ್ಲಿ. ಹೋದ ಕೂಡಲೇ ಡಬ್ಬಿ ಕೊಡುತ್ತಾರೆ, ನೀವು ಮೂತ್ರ ಕೊಟ್ಟುಬಿಡುತ್ತೀರಿ. ಪ್ಯಾಕೇಜ್‌ನಲ್ಲಿ ಹೊಟ್ಟೆ ಸ್ಕ್ಯಾನಿಂಗ್ ಇದ್ದರೆ ಆಮೇಲೆ ಆ ಕೋಣೆಯಲ್ಲಿ “ಮೂತ್ರಕೋಶ ತುಂಬಿಲ್ಲ, ನೀರು ಕುಡಿದು ಕೂತಿರಿ” ಅನ್ನುತ್ತಾರೆ. ಒಂದು ಗಂಟೆ ಹೋಯಿತು. ಬಿಪಿಗೆ ಇದರ ಉಲ್ಟಾ. ಮೂತ್ರ ಕಟ್ಟಿಕೊಂಡು ಕೂತರೆ ಬಿಪಿ ಏರಿ ಕಾಣುತ್ತದೆ. ನಾನು ಹೇಳುವ ಕ್ರಮ ಇದು: ಮೊದಲು ರಕ್ತ. ಆಮೇಲೆ ನೀರು ಕುಡಿದು ಖಾಲಿ ಹೊಟ್ಟೆಯಲ್ಲೇ ಸ್ಕ್ಯಾನಿಂಗ್. ಅದಾದ ಮೇಲೆ ಮೂತ್ರ, ಮೊದಲ ಸ್ವಲ್ಪ ಬಿಟ್ಟು ನಡುವಿನದನ್ನು ಡಬ್ಬಿಗೆ ಹಿಡಿಯಿರಿ. ನಂತರ ಐದು ನಿಮಿಷ ಬೆನ್ನು ಆನಿಸಿ, ಮಾತಾಡದೆ ಕೂತು ಬಿಪಿ. ಕೊನೆಗೆ ಇಡ್ಲಿ. ಊಟದ ನಂತರದ ಸಕ್ಕರೆ ಪರೀಕ್ಷೆ ಇದ್ದರೆ ಮೊದಲ ತುತ್ತಿನಿಂದ ಎರಡು ಗಂಟೆ ಎಣಿಸಿ, ಕೈ ತೊಳೆದ ಮೇಲಿಂದಲ್ಲ.

ರಿಪೋರ್ಟ್ ಬಂದ ಮೇಲೆ

ಮೊಬೈಲ್‌ಗೆ ಪಿಡಿಎಫ್ ಬರುತ್ತದೆ. ಕೆಲವು ಸಾಲು ಕೆಂಪಗಿರುತ್ತವೆ. ಆಗ ಇದನ್ನು ನೆನಪಿಡಿ: ಪಕ್ಕದಲ್ಲಿ ಬರೆದಿರುವ ‘ನಾರ್ಮಲ್’ ಮಿತಿ ಸಾಮಾನ್ಯವಾಗಿ 100 ಆರೋಗ್ಯವಂತರಲ್ಲಿ 95 ಮಂದಿಯ ಅಂಕಿ ಒಳಗೆ ಬರುವಂತೆ ಗೆರೆ ಎಳೆದದ್ದು. ಉಳಿದ ಐವರೂ ಆರೋಗ್ಯವಂತರೇ. 72 ಸಾಲಿನಲ್ಲಿ ಒಂದೆರಡು ಕೆಂಪು ಇರುವುದು ಆಶ್ಚರ್ಯವಲ್ಲ.

ಎದುರು ಮನೆಯವರ ರಿಪೋರ್ಟ್ ಹೀಗಿತ್ತು. ಗಂಡನಿಗೆ ಎಸ್‌ಜಿಒಟಿ ಸ್ವಲ್ಪ ಮೇಲೆ. ಕೇಳಿದರೆ, ಹಿಂದಿನ ದಿನ ಲೋಡ್ ಬಂದಿತ್ತು, ಆಳು ಬರದೆ ಸಿಮೆಂಟ್ ಮೂಟೆ ತಾವೇ ಹೊತ್ತಿದ್ದರು. ವೈದ್ಯರು ಹತ್ತು ದಿನ ಬಿಟ್ಟು ಮತ್ತೆ ನೋಡಿದರು, ಮಿತಿಯೊಳಗೆ ಬಂದಿತ್ತು. ಖಾಲಿ ಹೊಟ್ಟೆಯ ಸಕ್ಕರೆ 112, ಎಚ್‌ಬಿಎ1ಸಿ 6.1. ಇದು ಬಣ್ಣದಲ್ಲಿ ಅಷ್ಟೇನೂ ಕೆಂಪಾಗಿ ಕಾಣದಿದ್ದರೂ ಕೂತು ಮಾತಾಡಬೇಕಾದ ಅಂಕಿ. ಸಕ್ಕರೆ 126 ಅಥವಾ ಎಚ್‌ಬಿಎ1ಸಿ 6.5 ಮುಟ್ಟಿದರೆ ಮತ್ತೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಂಡು ಸಕ್ಕರೆ ಕಾಯಿಲೆ ಎನ್ನುತ್ತಾರೆ. ಇವರದು ಅದಕ್ಕಿಂತ ಕೆಳಗೆ, ನಾರ್ಮಲ್‌ಗಿಂತ ಮೇಲೆ. ಊಟ, ನಡಿಗೆ, ತೂಕದ ಬಗ್ಗೆ ವೈದ್ಯರು ಹೇಳಿದರು, ಆರು ತಿಂಗಳಿಗೆ ಮತ್ತೆ ಪರೀಕ್ಷೆ ಬರೆದರು. ಇಳಿಯಬಹುದು, ಇಳಿಯದೆಯೂ ಇರಬಹುದು.

ಟೀಚರ್ ಅವರ ಎಚ್‌ಬಿಎ1ಸಿ 5.9 ಇತ್ತು. ಗಂಡನಿಗಿಂತ ಅವರೇ ಗಾಬರಿಯಾದರು. ಆದರೆ ಅದೇ ರಿಪೋರ್ಟ್‌ನ ಮೊದಲ ಪುಟದಲ್ಲಿ ಹಿಮೋಗ್ಲೋಬಿನ್ 10.2 ಇತ್ತು, ಹೆಂಗಸರಿಗೆ 12 ಇರಬೇಕು. ಕಬ್ಬಿಣದ ಅಂಶ ಕಡಿಮೆ ಇದ್ದಾಗ ಎಚ್‌ಬಿಎ1ಸಿ ಇದ್ದದ್ದಕ್ಕಿಂತ ಜಾಸ್ತಿ ತೋರಿಸಬಹುದು. ಅವರ ಖಾಲಿ ಹೊಟ್ಟೆಯ ಸಕ್ಕರೆ 91. ವೈದ್ಯರು ಮೊದಲು ರಕ್ತಹೀನತೆ ಏಕೆ ಎಂದು ನೋಡಿದರು. ಒಂದೊಂದೇ ಸಾಲನ್ನು ಮೊಬೈಲ್‌ನಲ್ಲಿ ಹುಡುಕುತ್ತಾ ಕೂತಿದ್ದರೆ ಈ ಎರಡು ಪುಟಗಳನ್ನು ಯಾರೂ ಜೋಡಿಸುತ್ತಿರಲಿಲ್ಲ, ಅಲ್ವಾ?

ಹಾಗಾಗಿ ಬುಕ್ ಮಾಡುವಾಗಲೇ ಕೇಳಿ: ರಿಪೋರ್ಟ್ ಬಂದ ಮೇಲೆ ವೈದ್ಯರ ಭೇಟಿ ಇದೇ ದುಡ್ಡಿನಲ್ಲಿ ಇದೆಯಾ, ಎಷ್ಟು ಹೊತ್ತು, ಯಾವ ವೈದ್ಯರು? ಹೋಗುವಾಗ ಹಳೆ ರಿಪೋರ್ಟ್ ಇದ್ದರೆ ಜೊತೆಗಿರಲಿ. ಬಿಲ್ ಎಸೆಯಬೇಡಿ. ಹಳೆ ಆದಾಯ ತೆರಿಗೆ ಪದ್ಧತಿಯಲ್ಲಿ ಇರುವವರು ಇಂಥ ತಪಾಸಣೆಯ ಖರ್ಚಿನಲ್ಲಿ 5,000 ರೂಪಾಯಿವರೆಗೆ ಆರೋಗ್ಯ ವಿಮೆಯ ವಿನಾಯಿತಿ ಮಿತಿಯೊಳಗೆ ತೋರಿಸಬಹುದು, ನಗದು ಕೊಟ್ಟಿದ್ದರೂ ಸರಿ.